ಆನೆ ಬಂದರೆ ನೆಲ ನಡುಗುತ್ತದೆಯೇ? ಖಾನಾಪುರದ ಗದ್ದೆಯಲ್ಲಿನ ಹೆಜ್ಜೆ ಹೇಳುವುದೇ ಬೇರೆ

ಕಾಡಿನ ದಾರಿಯಲ್ಲಿ ಆನೆಯೊಂದು ಬರುತ್ತಿರುವ ವಿಡಿಯೋ. ಪ್ರತಿ ಹೆಜ್ಜೆಗೂ ‘ಧಡ್, ಧಡ್’ ಎಂಬ ಸದ್ದು, ಕ್ಯಾಮೆರಾ ಗಡಗಡ ಅಲುಗಾಟ, ಪಕ್ಕದಲ್ಲಿ ಇಟ್ಟ ಲೋಟದ ನೀರಿನಲ್ಲಿ ಅಲೆ. ಕೆಳಗೆ ಒಂದು ಸಾಲು: ‘ಐದು ಟನ್ ತೂಕದ ಗಜರಾಜ ಬಂದರೆ ನೂರು ಮೀಟರ್ ದೂರದಿಂದಲೇ ನೆಲ ನಡುಗುತ್ತದೆ, ಎಚ್ಚರವಾಗಿರಿ.’ ಇಂಥ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಒಂದಲ್ಲ ಒಂದು ರೂಪದಲ್ಲಿ ಬಂದಿರಬಹುದು. ಸಿನಿಮಾದಲ್ಲಿ, ಕಾರ್ಟೂನಿನಲ್ಲಿ ನೋಡಿದ್ದೂ ಹೀಗೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ತೂಕದ ಪ್ರಾಣಿ, ಅಂದಮೇಲೆ ಭಾರದ ಹೆಜ್ಜೆ, ಭಾರದ ಹೆಜ್ಜೆಗೆ ದೊಡ್ಡ ಸದ್ದು. ಲೆಕ್ಕ ಸರಿಯಾಗಿಯೇ ಇದೆ ಅನ್ನಿಸುತ್ತದೆ.

ಆದರೆ ಇದು ನಿಜವಲ್ಲ. ನಡೆಯುತ್ತಿರುವ ಆನೆಯ ಹೆಜ್ಜೆ ಹತ್ತಿಪ್ಪತ್ತು ಮೀಟರ್ ದೂರದಲ್ಲಿ ನಿಂತವರ ಕಾಲಿಗೂ ತಿಳಿಯುವುದಿಲ್ಲ, ಬಹಳ ಸಲ ಕಿವಿಗೂ ಬೀಳುವುದಿಲ್ಲ. ಬೆಂಗಳೂರಿನಲ್ಲಿ ಕುಳಿತು ವಿಡಿಯೋ ನೋಡುವವರಿಗೆ ಇದು ಸಣ್ಣ ವಿಷಯ. ಖಾನಾಪುರದ ಕಾಡಂಚಿನಲ್ಲಿ ಬೆಳಗಿನ ಐದು ಗಂಟೆಗೆ ಗದ್ದೆಗೆ ನೀರು ಬಿಡಲು ಹೋಗುವವರಿಗೆ ಹಾಗಲ್ಲ. ‘ಆನೆ ಇದ್ದರೆ ನೆಲವೇ ಹೇಳುತ್ತದೆ’ ಎಂದು ನಂಬಿ ಬದುವಿನ ಮೇಲೆ ನಡೆದವರಿಗೆ ಆನೆ ಎದುರಿಗೇ ಸಿಗಬಹುದು.

ಖಾನಾಪುರ ತಾಲ್ಲೂಕಿನ ಪಶ್ಚಿಮ ಮತ್ತು ದಕ್ಷಿಣ ಭಾಗ ಪಶ್ಚಿಮ ಘಟ್ಟದ ಕಾಡು. ಲೋಂಡಾ, ನಾಗರಗಾಳಿ, ಜಾಂಬೋಟಿ, ಕಣಕುಂಬಿ, ಭೀಮಗಡ ಎಲ್ಲವೂ ಇದೇ ಹಸಿರು ಪಟ್ಟಿಯಲ್ಲಿವೆ. ದಾಂಡೇಲಿ ಕಡೆಯ ಆನೆಗಳು ಈ ಪಟ್ಟಿಯ ಮೂಲಕ ಓಡಾಡುತ್ತವೆ. 2002ರ ಸುಮಾರಿಗೆ ಕೆಲವು ಆನೆಗಳು ಇತ್ತ ಕಡೆಯಿಂದಲೇ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಗೆ ದಾಟಿದವು, ಮುಂದೆ ಕೊಲ್ಲಾಪುರ ಜಿಲ್ಲೆಯ ಚಂದಗಡ, ಆಜರಾ ಕಡೆಗೂ ಹೋದವು. 2024ರಲ್ಲಿ ಒಂದು ಆನೆ ಬೆಳಗಾವಿ ನಗರದ ಅಂಚಿನ ಬಡಾವಣೆಗಳವರೆಗೂ ಬಂದು ಹೋಯಿತು. ಹಾಗಾಗಿ ಆನೆಯ ಹೆಜ್ಜೆ ಇಲ್ಲಿ ಕಾಡಿನವರಿಗಷ್ಟೇ ಸಂಬಂಧಿಸಿದ ಸಂಗತಿಯಾಗಿ ಉಳಿದಿಲ್ಲ.

ತೂಕ ಎಷ್ಟು ಎನ್ನುವುದಕ್ಕಿಂತ, ಎಷ್ಟು ಜಾಗದ ಮೇಲೆ?

ಒಂದು ದೊಡ್ಡ ಗಂಡಾನೆಯನ್ನು ತೆಗೆದುಕೊಳ್ಳೋಣ. ಹೆಗಲಿನ ಎತ್ತರ 2.7 ಮೀಟರ್, ತೂಕ ಸುಮಾರು 4,000 ಕಿಲೋ. ಇಷ್ಟು ಎತ್ತರದ ಆನೆಯ ಮುಂಗಾಲಿನ ಪಾದ ಸುಮಾರು 43 ಸೆಂಟಿಮೀಟರ್ ಅಗಲ ಇರುತ್ತದೆ. ಮನೆಯಲ್ಲಿ ರೊಟ್ಟಿ ಬೇಯಿಸುವ ದೊಡ್ಡ ಹೆಂಚಿಗಿಂತಲೂ ಅಗಲ. ಅದರ ವಿಸ್ತೀರ್ಣ ಸುಮಾರು 1,450 ಚದರ ಸೆಂಟಿಮೀಟರ್. ಹಿಂಗಾಲು ಸ್ವಲ್ಪ ಚಿಕ್ಕದು, 1,200 ಎಂದಿಟ್ಟುಕೊಳ್ಳಿ. ನಾಲ್ಕೂ ಕಾಲಿನ ಮೇಲೆ ನಿಂತಾಗ 4,000 ಕಿಲೋ ತೂಕ ಸುಮಾರು 5,300 ಚದರ ಸೆಂಟಿಮೀಟರಿಗೆ ಹಂಚಿಹೋಗುತ್ತದೆ. ಅಂದರೆ ಒಂದು ಚದರ ಸೆಂಟಿಮೀಟರಿಗೆ ಮುಕ್ಕಾಲು ಕಿಲೋ. ನಡೆಯುವಾಗ ಒಂದೆರಡು ಕಾಲು ಮೇಲೆ ಇರುವುದರಿಂದ ಒಂದೇ ಮುಂಗಾಲಿನ ಮೇಲೆ ಅರ್ಧದಷ್ಟು ಭಾರ ಬೀಳುವ ಕ್ಷಣವೂ ಇರುತ್ತದೆ. ಆಗ ಅದು ಒಂದೂವರೆ ಕಿಲೋ ಹತ್ತಿರಕ್ಕೆ ಬರುತ್ತದೆ.

ಈಗ ಅದೇ ಗದ್ದೆಯ ಎತ್ತನ್ನು ನೋಡಿ. ತೂಕ 400 ಕಿಲೋ, ಆನೆಯ ಹತ್ತನೇ ಒಂದು ಪಾಲು. ಆದರೆ ಅದರ ಒಂದೊಂದು ಗೊರಸು ನೆಲಕ್ಕೆ ತಾಗುವ ಜಾಗ 60-70 ಚದರ ಸೆಂಟಿಮೀಟರ್ ಮಾತ್ರ. ನಿಂತಾಗಲೇ ಚದರ ಸೆಂಟಿಮೀಟರಿಗೆ ಒಂದೂವರೆ ಕಿಲೋ ಆಗುತ್ತದೆ, ನಡೆಯುವಾಗ ಅದರ ಎರಡು ಪಟ್ಟು. ಎಂದರೆ ಪಾದದ ಕೆಳಗಿನ ಮಣ್ಣನ್ನು ಕೇಳಿದರೆ, ಆನೆಗಿಂತ ಎತ್ತೇ ಹೆಚ್ಚು ಭಾರ. ಬರಿಗಾಲಿನಲ್ಲಿ ನಡೆಯುವ 60 ಕಿಲೋ ತೂಕದ ಮನುಷ್ಯ ಒಂಟಿ ಕಾಲಿನ ಮೇಲೆ ನಿಂತ ಕ್ಷಣದಲ್ಲಿ ಅರ್ಧ ಕಿಲೋ ಆಸುಪಾಸು. ಆನೆ ನಮಗಿಂತ ಅರವತ್ತು-ಎಪ್ಪತ್ತು ಪಟ್ಟು ತೂಕ, ಆದರೆ ನೆಲದ ಮೇಲೆ ಹಾಕುವ ಒತ್ತಡ ಬರೀ ಎರಡು-ಮೂರು ಪಟ್ಟು.

ಹೀಗಾಗಿಯೇ ಜಾಂಬೋಟಿ ಕಡೆಯ ಒಣಗಿದ ಕೆಂಪು ಮುರಕಲ್ಲು ದಾರಿಯಲ್ಲಿ ದನ ಹೋದರೆ ಗೊರಸಿನ ಗುರುತು ಕೊರೆದಂತೆ ಕಾಣುತ್ತದೆ, ಆನೆ ಹೋದರೆ ಧೂಳಿನ ಮೇಲೆ ತಟ್ಟೆ ಒತ್ತಿದಂತೆ ಒಂದು ತೆಳು ಗುರುತು, ಕೆಲವೊಮ್ಮೆ ಅದೂ ಇಲ್ಲ. ‘ಇಷ್ಟು ದೊಡ್ಡ ಆನೆ ಹೋಗಿದ್ದರೆ ಹೊಂಡ ಬೀಳಬೇಕಿತ್ತಲ್ಲ’ ಎಂದು ವಾದಿಸಬೇಡಿ.

ಪಾದದ ಒಳಗೆ ಏನಿದೆ

ಹೊರಗಿನಿಂದ ಆನೆಯ ಕಾಲು ಕಂಬದಂತೆ, ಪಾದ ಚಪ್ಪಟೆಯಾಗಿ ಕಾಣುತ್ತದೆ. ಒಳಗಿನ ಮೂಳೆಗಳು ಹಾಗಿಲ್ಲ. ಆನೆ ನಿಜಕ್ಕೂ ಬೆರಳ ತುದಿಗಳ ಮೇಲೆ ನಿಂತ ಪ್ರಾಣಿ. ಮೂಳೆಗಳನ್ನಷ್ಟೇ ನೋಡಿದರೆ ಹಿಮ್ಮಡಿ ಮೇಲೆ ಎತ್ತಿಕೊಂಡು ನಿಂತ ಹಾಗಿದೆ. ಹೀಲ್ಸ್ ಚಪ್ಪಲಿ ಹಾಕಿದವರ ಪಾದವನ್ನು ನೆನಪಿಸಿಕೊಂಡರೆ ಸರಿಹೋದೀತು. ಹಿಮ್ಮಡಿಯ ಕೆಳಗಿನ ಆ ಖಾಲಿ ಜಾಗವನ್ನು ಕೊಬ್ಬು ಮತ್ತು ನಾರಿನಂಥ ಅಂಗಾಂಶದ ದಪ್ಪ ಮೆತ್ತೆ ತುಂಬಿಕೊಂಡಿದೆ. ಆ ಮೆತ್ತೆಗೆ ಒಳಗಿನಿಂದ ಊರುಗೋಲಿನಂತೆ ಒಂದು ಉದ್ದನೆಯ ಎಲುಬಿನ ಕಡ್ಡಿಯೂ ಇದೆ. ಇದು ಬೆರಳೇ, ಅಲ್ಲವೇ ಎಂಬ ಪ್ರಶ್ನೆ ಮುನ್ನೂರು ವರ್ಷ ಹಳೆಯದು. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಜಾನ್ ಹಚಿನ್ಸನ್ ಮತ್ತು ಸಂಗಡಿಗರು 2011ರಲ್ಲಿ, ಇದು ನಿಜವಾದ ಬೆರಳಲ್ಲದಿದ್ದರೂ ‘ಆರನೇ ಬೆರಳಿನಂತೆ’ ಭಾರ ಹೊರುತ್ತದೆ ಎಂದು ತೋರಿಸಿದರು.

ಭಾರ ಬಿದ್ದಾಗ ಈ ಮೆತ್ತೆ ಅಗಲವಾಗುತ್ತದೆ. ಕಾಲು ಎತ್ತಿದಾಗ ಮತ್ತೆ ಕಿರಿದಾಗುತ್ತದೆ. ಕೆಸರಿನಲ್ಲಿ ಇದರ ಲಾಭ ದೊಡ್ಡದು. ನಮ್ಮ ಗಂಬೂಟು ಕೆಸರಿನಲ್ಲಿ ಸಿಕ್ಕಿಕೊಳ್ಳುವುದು ಯಾಕೆಂದರೆ ಮೇಲೆ ಎಳೆದಾಗ ಅದರ ಕೆಳಗೆ ಗಾಳಿ ಹೋಗಲು ದಾರಿ ಇರುವುದಿಲ್ಲ. ಆನೆಯ ಪಾದ ಮೇಲೇಳುವಾಗ ಸಣ್ಣದಾಗುವುದರಿಂದ ಗುಂಡಿಯ ಗೋಡೆಯಿಂದ ತಾನೇ ಬಿಡಿಸಿಕೊಳ್ಳುತ್ತದೆ. ಭತ್ತದ ಗದ್ದೆಯಲ್ಲಿ ಟ್ರ್ಯಾಕ್ಟರ್ ಹೂತುಹೋಗುವ ಕಡೆ ಆನೆ ಆರಾಮವಾಗಿ ದಾಟಿಕೊಂಡು ಹೋಗುವುದರಲ್ಲಿ ಈ ಮೆತ್ತೆಯ ಪಾಲೂ ಇದೆ.

ಸದ್ದು ಬರದಿರುವುದಕ್ಕೂ ಇದೇ ಮೆತ್ತೆ ಮೊದಲ ಕಾರಣ. ಗಟ್ಟಿ ಗೊರಸು ಕಲ್ಲಿಗೆ ತಗಲಿದರೆ ‘ಟಕ್’ ಎನ್ನುತ್ತದೆ. ಮೆತ್ತೆ ಕಲ್ಲನ್ನು ತಬ್ಬಿಕೊಳ್ಳುತ್ತದೆ. ಕೆಳಗೆ ಸಿಕ್ಕ ಕಡ್ಡಿ ಮುರಿದರೂ ಆ ಸದ್ದು ಪಾದದಡಿಯಲ್ಲೇ ಅಡಗುತ್ತದೆ.

ನಡಿಗೆ ಎಂದರೆ ಇಡುವುದು, ಬೀಳಿಸುವುದಲ್ಲ

ಎರಡನೇ ಕಾರಣ ನಡಿಗೆಯ ರೀತಿ. ಮಾರುಕಟ್ಟೆಯ ಅಕ್ಕಿ ಚೀಲದ ಉದಾಹರಣೆ ಸಾಕು. ಐವತ್ತು ಕಿಲೋ ಚೀಲವನ್ನು ಲಾರಿಯಿಂದ ಎಸೆದರೆ ಧಡ್ ಎನ್ನುತ್ತದೆ, ಕೆಳಗಿನ ಕಟ್ಟೆ ಅದುರುತ್ತದೆ. ಅದೇ ಚೀಲವನ್ನು ಇಬ್ಬರು ಹಮಾಲರು ಹಿಡಿದು ಮೆಲ್ಲಗೆ ಇಳಿಸಿದರೆ ಸದ್ದೇ ಇಲ್ಲ. ತೂಕ ಎರಡೂ ಕಡೆ ಒಂದೇ. ನೆಲ ಅದುರುವುದು ತೂಕಕ್ಕಲ್ಲ, ಆ ತೂಕ ಎಷ್ಟು ಬೇಗ ಬಂದು ಬಡಿಯಿತು ಎನ್ನುವುದಕ್ಕೆ.

ಆನೆ ತನ್ನ ತೂಕವನ್ನು ಇಳಿಸುವುದು ಹಮಾಲರ ಹಾಗೆ. ಮಾಮೂಲಿ ನಡಿಗೆಯಲ್ಲಿ ಗಂಟೆಗೆ ನಾಲ್ಕೈದು ಕಿಲೋಮೀಟರ್ ವೇಗ, ನಮ್ಮ ನಡಿಗೆಯಷ್ಟೇ. ಆದರೆ ನಾವು ಒಂದು ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಹಾಕಿದರೆ, ಆನೆಯ ಒಂದು ಕಾಲು ಮತ್ತೆ ನೆಲ ಮುಟ್ಟಲು ಎರಡು ಸೆಕೆಂಡಿನ ಹತ್ತಿರ ತೆಗೆದುಕೊಳ್ಳುತ್ತದೆ. ಆ ಎರಡು ಸೆಕೆಂಡಿನಲ್ಲಿ ಮುಕ್ಕಾಲು ಪಾಲು ಸಮಯ ಆ ಕಾಲು ನೆಲದ ಮೇಲೆಯೇ ಇರುತ್ತದೆ. ಮೊದಲು ಎಡ ಹಿಂಗಾಲು, ಆಮೇಲೆ ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಸುಮಾರು ಅರ್ಧರ್ಧ ಸೆಕೆಂಡಿಗೆ ಒಂದು ಪಾದ ನೆಲಕ್ಕೆ. ಹೆಚ್ಚಿನ ಹೊತ್ತು ಮೂರು ಪಾದ ಕೆಳಗೆ ಇರುತ್ತವೆ, ನಡುನಡುವೆ ಎರಡು. ಹೊಸ ಪಾದ ನೆಲ ಮುಟ್ಟಿದಾಗ ಅದರ ಮೇಲೆ ಇನ್ನೂ ಭಾರ ಇರುವುದಿಲ್ಲ. ಮೆತ್ತೆ ನೆಲಕ್ಕೆ ಹೊಂದಿಕೊಂಡ ಮೇಲೆ ದೇಹ ನಿಧಾನಕ್ಕೆ ಅದರ ಮೇಲೆ ಬರುತ್ತದೆ. ಹಿಂಗಾಲು ಬಂದು ಇಳಿಯುವುದು ಮುಂಗಾಲು ಈಗಷ್ಟೇ ಬಿಟ್ಟ ಜಾಗದಲ್ಲಿ, ಅಥವಾ ಅದರ ಪಕ್ಕದಲ್ಲಿ. ಮುಂಗಾಲು ಒಮ್ಮೆ ಪರೀಕ್ಷಿಸಿದ ನೆಲದ ಮೇಲೆಯೇ ಹಿಂಗಾಲೂ ಬರುವುದರಿಂದ ಹೊಸ ಕಡ್ಡಿ, ಹೊಸ ಕಲ್ಲು ಸಿಗುವುದು ಕಡಿಮೆ.

ಬೆಲ್ಜಿಯಂ ವಿಜ್ಞಾನಿಗಳ ತಂಡವೊಂದು ಥಾಯ್ಲೆಂಡಿನ ಲಾಂಪಾಂಗ್‌ನ ಆನೆ ಕೇಂದ್ರದಲ್ಲಿ ಒತ್ತಡ ಅಳೆಯುವ ಹಲಗೆಗಳನ್ನು ನೆಲದಲ್ಲಿ ಹೂತು, ಏಷ್ಯಾದ ಆನೆಗಳನ್ನು ಅದರ ಮೇಲೆ ನಡೆಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿತು. ನಮ್ಮ ತೂಗುಸೇತುವೆ ಲಾರಿ ತೂಗುವ ಹಾಗೆ, ಆದರೆ ಪ್ರತಿ ಕ್ಷಣದ ಒತ್ತಡವನ್ನೂ ಬರೆದಿಡುವ ಹಲಗೆಗಳವು. ಆನೆಯ ದೇಹ ನಡೆಯುವಾಗ ಮೇಲೆ-ಕೆಳಗೆ ಆಡುವುದು ಅದರ ಗಾತ್ರಕ್ಕೆ ಹೋಲಿಸಿದರೆ ತೀರಾ ಕಡಿಮೆ ಎಂಬುದು ಅಲ್ಲಿ ಕಂಡಿತು. ದೇಹ ಮೇಲೆದ್ದು ಬೀಳುವುದೇ ಇಲ್ಲವಾದರೆ ನೆಲಕ್ಕೆ ಬಡಿತ ಎಲ್ಲಿಂದ ಬರಬೇಕು? ಓಡುವ ಮನುಷ್ಯನ ಪಾದದಡಿಯಲ್ಲಿ ಅವನ ತೂಕದ ಎರಡು, ಎರಡೂವರೆ ಪಟ್ಟು ಒತ್ತಡ ಹುಟ್ಟುತ್ತದೆ. ಗಾತ್ರ ಗಮನಕ್ಕೆ ತಂದುಕೊಂಡರೆ, ಮೆಟ್ಟಿಲಿನಿಂದ ಧುಮುಕುವ ಮಗು ಆನೆಗಿಂತ ಒರಟಾಗಿ ನೆಲ ಬಡಿಯುತ್ತದೆ.

ಆನೆ ನಮ್ಮ ಹಾಗೆ ಜಿಗಿಯದಿರುವುದಕ್ಕೆ ಕಾರಣ ಸೋಮಾರಿತನ ಅಲ್ಲ. ಪ್ರಾಣಿಯ ಎತ್ತರ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ, ಆ ತೂಕ ಹೊರುವ ಮೂಳೆಯ ಅಡ್ಡಗಾತ್ರ ಮಾತ್ರ ನಾಲ್ಕು ಪಟ್ಟು. ದೊಡ್ಡದಾದಷ್ಟೂ ಮೂಳೆಗೆ ಉಳಿತಾಯ ಕಡಿಮೆ. ಆದ್ದರಿಂದ ಕಾಲುಗಳನ್ನು ನೇರವಾಗಿ ಕಂಬದಂತೆ ಇಟ್ಟು, ಬಡಿತ ತಪ್ಪಿಸಿ ನಡೆಯುವುದೇ ಅದಕ್ಕೆ ಬದುಕುವ ದಾರಿ.

ಹಾಗಂತ ಆನೆ ನಿಧಾನದ ಪ್ರಾಣಿ ಅಲ್ಲ. ಇದೇ ಹಚಿನ್ಸನ್ ತಂಡ ಥಾಯ್ಲೆಂಡಿನ 42 ಆನೆಗಳನ್ನು ವೇಗವಾಗಿ ಓಡಿಸಿ 2003ರಲ್ಲಿ ವರದಿ ಮಾಡಿತು. ಅತಿ ಹೆಚ್ಚಿನ ವೇಗ ಸೆಕೆಂಡಿಗೆ 6.8 ಮೀಟರ್, ಅಂದರೆ ಗಂಟೆಗೆ ಸುಮಾರು 25 ಕಿಲೋಮೀಟರ್. ಅಷ್ಟು ವೇಗದಲ್ಲೂ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಟ್ಟ ಒಂದು ಕ್ಷಣವೂ ಇರಲಿಲ್ಲ, ಕಾಲಿಡುವ ಕ್ರಮವೂ ಬದಲಾಗಲಿಲ್ಲ. ಕುದುರೆ ವೇಗ ಹೆಚ್ಚಿಸಿದಾಗ ನಡಿಗೆಯಿಂದ ದುಡುಕಿಗೆ, ಅಲ್ಲಿಂದ ನಾಗಾಲೋಟಕ್ಕೆ ಬದಲಾಗುತ್ತದೆ. ಆನೆ ಅದೇ ನಡಿಗೆಯನ್ನೇ ಬೇಗ ಬೇಗ ಹಾಕುತ್ತದೆ. ನೋಡುವವರಿಗೆ ‘ಇನ್ನೂ ನಡೀತಾ ಇದೆ’ ಅನ್ನಿಸುವುದು ಇದರಿಂದಲೇ. ಮೂವತ್ತು ಮೀಟರ್ ದೂರವನ್ನು ಅದು ಐದು ಸೆಕೆಂಡಿನೊಳಗೆ ಮುಗಿಸುತ್ತದೆ. ಮೊಬೈಲ್ ತೆಗೆದು ಕ್ಯಾಮೆರಾ ಆನ್ ಮಾಡಲು ನಿಮಗೆ ಎಷ್ಟು ಸೆಕೆಂಡ್ ಬೇಕು ಎಂದು ಒಮ್ಮೆ ಎಣಿಸಿ ನೋಡಿ.

ಹಾಗಾದರೆ ನೆಲಕ್ಕೆ ಏನೂ ಆಗುವುದಿಲ್ಲವೇ?

ಆಗುತ್ತದೆ, ಆದರೆ ನಾವು ಅಂದುಕೊಂಡ ರೀತಿಯಲ್ಲಿ ಅಲ್ಲ. ಪಾದದ ಕೆಳಗೆ ಬಿದ್ದ ಭಾರ ಆಳಕ್ಕೆ ಇಳಿದಂತೆ ಹರಡುತ್ತಾ ಕ್ಷೀಣಿಸುತ್ತದೆ. ಕಟ್ಟಡದ ಪಾಯ ಹಾಕುವ ಎಂಜಿನಿಯರುಗಳು ಬಳಸುವ ಒಂದು ಲೆಕ್ಕ ಇಲ್ಲಿ ಅನ್ವಯಿಸುತ್ತದೆ: ಪಾದದ ಅಗಲದ ಎರಡು ಪಟ್ಟು ಆಳಕ್ಕೆ ಹೋಗುವಷ್ಟರಲ್ಲಿ ಒತ್ತಡ ಹತ್ತನೇ ಒಂದು ಪಾಲಿಗೆ ಇಳಿದಿರುತ್ತದೆ. ಎತ್ತಿನ ಗೊರಸು ಒಂಬತ್ತು ಸೆಂಟಿಮೀಟರ್ ಅಗಲ, ಹಾಗಾಗಿ ಅದರ ಭಾರ ಒಂದು ಗೇಣು ಆಳದಲ್ಲಿ ಮುಗಿಯುತ್ತದೆ. ಆನೆಯ ಪಾದ 43 ಸೆಂಟಿಮೀಟರ್. ಅದರ ಭಾರ 85 ಸೆಂಟಿಮೀಟರ್ ಆಳದವರೆಗೂ, ಎಂದರೆ ಸೊಂಟದಷ್ಟು ಆಳಕ್ಕೂ ತಲುಪುತ್ತದೆ. ಮೇಲ್ಮಣ್ಣಿಗೆ ಎತ್ತು ಭಾರ, ಒಳಮಣ್ಣಿಗೆ ಆನೆ ಭಾರ.

ಅದಕ್ಕಾಗಿಯೇ ಗಟ್ಟಿ ದಾರಿಯಲ್ಲಿ ಗುರುತನ್ನೂ ಬಿಡದ ಆನೆ, ಗದ್ದೆಯ ಬದುವನ್ನು ಒಂದೇ ಹೆಜ್ಜೆಗೆ ಕುಸಿಯುವಂತೆ ಮಾಡುತ್ತದೆ. ಬದು ಎಂದರೆ ಮೊಣಕಾಲೆತ್ತರದ ಕಿರಿದಾದ ಮಣ್ಣಿನ ಗೋಡೆ. ಎರಡೂ ಪಕ್ಕಕ್ಕೆ ಆಸರೆ ಇಲ್ಲ. ಒಳಗೆ ಆಳಕ್ಕೆ ಇಳಿದ ಭಾರ ಮಣ್ಣನ್ನು ಪಕ್ಕಕ್ಕೆ ತಳ್ಳುತ್ತದೆ. ಕಾಲುವೆಯ ದಂಡೆ, ತೆರೆದ ಬಾವಿಯ ಅಂಚು, ಮನೆ ಹಿತ್ತಿಲಿನ ಶೌಚಗುಂಡಿಯ ಮುಚ್ಚಳ, ಕಡಿಮೆ ಆಳದಲ್ಲಿ ಹೂತ ನೀರಿನ ಪೈಪು, ಇವೆಲ್ಲ ಇದೇ ಕಾರಣಕ್ಕೆ ಆನೆಯ ಕಾಲಿಗೆ ಸೋಲುತ್ತವೆ.

ನಾಟಿ ಗದ್ದೆಯಲ್ಲಿ ಮತ್ತೊಂದು ಕಥೆ. ಕಲಸಿದ ಕೆಸರಿಗೆ ಚದರ ಸೆಂಟಿಮೀಟರಿಗೆ ಅರ್ಧ ಕಿಲೋ ಹೊರುವ ಶಕ್ತಿಯೂ ಇರುವುದಿಲ್ಲ. ಹಾಗಾಗಿ ಮನುಷ್ಯನೂ, ಎತ್ತೂ, ಆನೆಯೂ ಅದರಲ್ಲಿ ಇಳಿಯಲೇಬೇಕು. ಎಲ್ಲಿಯವರೆಗೆ? ವರ್ಷಗಟ್ಟಲೆ ಉಳುಮೆ ಮಾಡಿ ಮಾಡಿ ನೇಗಿಲಿನ ಅಡಿಯಲ್ಲಿ ಕಟ್ಟಿಕೊಂಡ ಗಟ್ಟಿ ಪದರದವರೆಗೆ. ಗದ್ದೆಯಲ್ಲಿ ನೀರು ನಿಲ್ಲುವುದು ಆ ಪದರದಿಂದಲೇ. ನಮ್ಮ ಕಾಲು ಅಲ್ಲಿಗೆ ತಲುಪಿ ನಿಲ್ಲುತ್ತದೆ. ಆನೆಯ ಕಾಲು ಆ ಪದರವನ್ನೂ ಒತ್ತುತ್ತದೆ, ಹಸಿ ಹೆಚ್ಚಿದ್ದರೆ ಸೀಳುತ್ತದೆ. ಆನೆ ಹಾದುಹೋದ ಮೇಲೆ ಯಾವುದಾದರೂ ಗದ್ದೆಯಲ್ಲಿ ನೀರು ಬೇಗ ಇಂಗುತ್ತಿದ್ದರೆ ತುಳಿದ ಪೈರನ್ನಷ್ಟೇ ಎಣಿಸದೆ ಈ ಗುಂಡಿಗಳ ತಳವನ್ನೂ ನೋಡಬೇಕು. ಗುಂಡಿಯೊಳಗೆ ನೀರು ನಿಂತಿದ್ದರೆ ಪದರ ಉಳಿದಿದೆ, ಪಕ್ಕದ ಗದ್ದೆಯಲ್ಲಿ ನೀರಿದ್ದೂ ಗುಂಡಿಯಲ್ಲಿ ನೀರು ಸುಳಿದು ಇಳಿಯುತ್ತಿದ್ದರೆ ಒಡೆದಿದೆ.

ಇನ್ನು ಕಂಪನದ ವಿಷಯ. ನೆಲದಲ್ಲಿ ಕಂಪನ ಹುಟ್ಟುವುದೇ ಇಲ್ಲ ಎಂದಲ್ಲ. ಹುಟ್ಟುತ್ತದೆ, ನಮ್ಮ ಅಂಗಾಲಿಗೆ ತಿಳಿಯದಷ್ಟು ಸಣ್ಣದು. ತೈಲ ನಿಕ್ಷೇಪ ಹುಡುಕುವವರು ನೆಲದಲ್ಲಿ ಚುಚ್ಚಿ ಇಡುವ ಜಿಯೋಫೋನ್ ಎಂಬ ಸೂಕ್ಷ್ಮ ಸಾಧನ ಅದನ್ನು ಹಿಡಿಯಬಲ್ಲದು. ನಮೀಬಿಯಾದ ಎಟೋಶಾದಲ್ಲಿ ಕೈಟ್ಲಿನ್ ಓ'ಕಾನೆಲ್ ಮತ್ತು ಜೊತೆಗಾರರು ಇದನ್ನೇ ಬಳಸಿ, ಹೆಜ್ಜೆಯ ಕಂಪನದಿಂದ ಆನೆಯನ್ನು ಬೇರೆ ಪ್ರಾಣಿಗಳಿಂದ ಬೇರ್ಪಡಿಸಿ ಗುರುತಿಸಬಹುದೇ ಎಂದು ನೋಡಿದರು, 2005ರಲ್ಲಿ ಪ್ರಕಟಿಸಿದರು. ಆನೆಗಳು ತಾವೂ ನೆಲದ ಕಂಪನವನ್ನು ಪಾದದಿಂದ ಗ್ರಹಿಸುತ್ತವೆ ಎಂಬುದೂ ಅವರ ಕೆಲಸದಿಂದಲೇ ಹೆಚ್ಚು ಪ್ರಚಾರಕ್ಕೆ ಬಂತು. ದೂರದ ಆನೆಯ ಆಳದ ಗುರುಗುಟ್ಟುವಿಕೆ ಗಾಳಿಯಲ್ಲೂ, ನೆಲದಲ್ಲೂ ಸಾಗುತ್ತದೆ. ಆಗ ಕೇಳುವ ಆನೆ ಥಟ್ಟನೆ ನಿಂತು, ಭಾರವನ್ನು ಮುಂಗಾಲಿಗೆ ತಂದು, ಕೆಲವೊಮ್ಮೆ ಒಂದು ಪಾದವನ್ನು ಹಗುರವಾಗಿ ಎತ್ತಿ ಹಿಡಿಯುತ್ತದೆ. ‘ನೆಲದ ಮೂಲಕ ಗೊತ್ತಾಗುತ್ತದೆ’ ಎಂಬ ಮಾತು ಪೂರ್ತಿ ಸುಳ್ಳಲ್ಲ, ಗೊತ್ತಾಗುವುದು ಯಾರಿಗೆ ಎಂಬುದಷ್ಟೇ ಅದಲುಬದಲಾಗಿದೆ. ನೀವು ಬರುವುದು ಆನೆಗೆ ಮೂಗಿನಿಂದ, ಕಿವಿಯಿಂದ ಮೊದಲೇ ತಿಳಿದಿರುತ್ತದೆ.

ಮಾರ್ಚ್-ಏಪ್ರಿಲ್‌ನಲ್ಲಿ ಸಾಗುವಾನಿಯ ಒಣ ಎಲೆ ರಾಶಿ ಬಿದ್ದಿರುವ ಕಾಡಿನಲ್ಲಾದರೆ ಎಲೆಯ ಸದ್ದು ಆನೆಯನ್ನು ಸ್ವಲ್ಪ ಬಿಟ್ಟುಕೊಡುತ್ತದೆ. ಭತ್ತ ಹಾಲುಗಟ್ಟಿ ಬಲಿಯುವ ಅಕ್ಟೋಬರ್, ನವೆಂಬರ್‌ನಲ್ಲಿ, ಆನೆ ಗದ್ದೆಗೆ ಇಳಿಯುವ ಅದೇ ದಿನಗಳಲ್ಲಿ, ಎಲೆ ಹಸಿಯಾಗಿರುತ್ತದೆ, ನೆಲ ಮೆದುವಾಗಿರುತ್ತದೆ, ಇಬ್ಬನಿ ಬಿದ್ದಿರುತ್ತದೆ. ಆಗ ಕಿವಿಗೆ ಬೀಳಬಹುದಾದದ್ದು ಹೆಜ್ಜೆಯ ಸದ್ದಲ್ಲ. ಬಿದಿರು ಅಥವಾ ಕೊಂಬೆ ಮುರಿಯುವ ಲಟಲಟ, ಪೈರನ್ನು ಕಿತ್ತು ಕಾಲಿಗೆ ಬಡಿದು ಮಣ್ಣು ಉದುರಿಸುವ ಸದ್ದು, ಕಿವಿ ಮೈಗೆ ಬಡಿಯುವ ಪಟಪಟ, ದೊಡ್ಡ ಉಸಿರು. ಇವೆಲ್ಲ ನಿಂತು ಮೇಯುವ ಆನೆಯ ಸದ್ದುಗಳು. ಸುಮ್ಮನೆ ದಾಟುತ್ತಿರುವ ಆನೆಯಿಂದ ಇವೂ ಇರುವುದಿಲ್ಲ. ಅಟ್ಟಣಿಗೆಯಲ್ಲಿ ಕಾವಲು ಕೂತವರು ಸದ್ದು ನಿಂತಿತು, ಆನೆ ಹೋಯಿತು ಎಂದು ಕೂಡಲೇ ಇಳಿಯಬಾರದು. ಸದ್ದು ನಿಂತದ್ದು ಆನೆ ಮೇಯುವುದು ಬಿಟ್ಟು ನಡೆಯತೊಡಗಿದ್ದಕ್ಕೂ ಇರಬಹುದು, ಯಾವ ದಿಕ್ಕಿಗೆ ಎಂಬುದು ನಿಮಗೆ ಗೊತ್ತಿಲ್ಲ.

ದಾರದಲ್ಲಿ ಆನೆ ಅಳೆಯುವುದು

ಆನೆ ಕಣ್ಣಿಗೆ ಬೀಳದಿದ್ದರೂ ಬೆಳಿಗ್ಗೆ ಗದ್ದೆಯಲ್ಲಿ ಅದರ ಹೆಜ್ಜೆ ಸಿಗುತ್ತದೆ. ಅದನ್ನು ಓದುವುದು ಕಷ್ಟವಲ್ಲ. ದುಂಡಗಿನ ಗುರುತು ಮುಂಗಾಲಿನದು, ಮೊಟ್ಟೆಯಾಕಾರದ ಉದ್ದನೆಯದು ಹಿಂಗಾಲಿನದು. ನಮ್ಮ ಆನೆಗೆ ಸಾಮಾನ್ಯವಾಗಿ ಮುಂದೆ ಐದು ಉಗುರು, ಹಿಂದೆ ನಾಲ್ಕು. ಉಗುರಿನ ಅಚ್ಚು ಇರುವ ಕಡೆಯೇ ಆನೆ ಹೋದ ದಿಕ್ಕು.

ಏಷ್ಯಾದ ಆನೆಗೆ ಒಂದು ಹಳೆಯ ಲೆಕ್ಕ ಇದೆ: ಮುಂಗಾಲಿನ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಹೆಗಲಿನ ಎತ್ತರ. ಮಾವುತರೂ, ಅರಣ್ಯ ಸಿಬ್ಬಂದಿಯೂ ಇಂದಿಗೂ ಇದನ್ನು ಬಳಸುತ್ತಾರೆ. ಗಟ್ಟಿಯಾದ ಒದ್ದೆ ಮಣ್ಣಿನಲ್ಲಿ ಸ್ಪಷ್ಟವಾದ ದುಂಡು ಗುರುತೊಂದನ್ನು ಹುಡುಕಿ, ಅದರ ಅಂಚಿನ ಸುತ್ತ ದಾರ ಇಟ್ಟು ಅಳೆಯಿರಿ ಎಂದುಕೊಳ್ಳೋಣ. ದಾರ 132 ಸೆಂಟಿಮೀಟರ್ ಬಂದರೆ ಆನೆಯ ಎತ್ತರ ಸುಮಾರು 2.64 ಮೀಟರ್. ಅಷ್ಟೆತ್ತರದ್ದು ಹೆಚ್ಚಾಗಿ ಬೆಳೆದ ಗಂಡು. ದಾರ ಇಲ್ಲದಿದ್ದರೆ ಅಗಲ ಅಳೆದು 3.14ರಿಂದ ಗುಣಿಸಿದರೂ ಆಯಿತು, 42 ಸೆಂಟಿಮೀಟರ್ ಅಗಲಕ್ಕೆ ಅದೇ 132 ಬರುತ್ತದೆ. ಅದರ ಪಕ್ಕದಲ್ಲೇ 20 ಸೆಂಟಿಮೀಟರ್ ಅಗಲದ ಪುಟ್ಟ ದುಂಡು ಗುರುತು ಇದ್ದರೆ ಸುತ್ತಳತೆ 63, ಎತ್ತರ 1.25 ಮೀಟರ್. ಅದು ಮರಿ. ಎಲ್ಲಕ್ಕಿಂತ ಎಚ್ಚರದಿಂದ ಓದಬೇಕಾದ ಗುರುತು ಇದೇ, ಮರಿ ಇದ್ದರೆ ತಾಯಿ ಮತ್ತು ಗುಂಪು ಜೊತೆಗಿರುತ್ತವೆ, ಮರಿಯ ಹತ್ತಿರ ಹೋದವರನ್ನು ಅವು ಬಿಡುವುದಿಲ್ಲ.

ಲೆಕ್ಕ ತಪ್ಪುವ ಜಾಗಗಳೂ ಇವೆ. ನೀರು ತುಂಬಿದ ಕೆಸರಿನಲ್ಲಿ ಪಾದ ಜಾರಿ ಗುರುತು ಹಿಗ್ಗಿರುತ್ತದೆ, ಅಲ್ಲಿ ಅಳೆದರೆ ಎಲ್ಲ ಆನೆಯೂ ದೈತ್ಯನೇ. ಹಿಂಗಾಲು ಮುಂಗಾಲಿನ ಗುರುತಿನ ಮೇಲೆ ಅರ್ಧ ಬಿದ್ದಿದ್ದರೆ ಎರಡು ಸೇರಿ ಒಂದೇ ದೊಡ್ಡ ಗುರುತಿನ ಹಾಗೆ ಕಾಣುತ್ತದೆ. ‘ಎರಡು ಅಡಿ ಅಗಲದ ಹೆಜ್ಜೆ’ ಎಂದು ಗ್ರೂಪಿನಲ್ಲಿ ಫೋಟೋ ಬಂದರೆ ಬಹುಮಟ್ಟಿಗೆ ಅದು ಇಂಥದ್ದೇ. ಎರಡು ಅಡಿ ಅಗಲ ಎಂದರೆ ಆನೆ 3.8 ಮೀಟರ್ ಎತ್ತರ ಇರಬೇಕಾಗುತ್ತದೆ, ಅಂಥದ್ದು ನಮ್ಮ ಕಾಡಿನಲ್ಲಿಲ್ಲ. ಬೆಳಗಾವಿಯ ಪೂರ್ವಕ್ಕಿರುವ ಎರೆ ಮಣ್ಣಿನಲ್ಲಿ ಗುರುತು ಒಣಗಿ ಬಿರುಕು ಬಿಟ್ಟಾಗ ಅಂಚುಗಳು ಸರಿಯುತ್ತವೆ, ಖಾನಾಪುರದ ಕೆಂಪು ಮಣ್ಣಿನಲ್ಲಿ ಆ ತೊಂದರೆ ಕಡಿಮೆ.

ಗುರುತು ಎಷ್ಟು ಹೊತ್ತಿನದು ಎಂಬುದನ್ನು ಅದರ ಅಂಚು ಹೇಳುತ್ತದೆ. ಗುಂಡಿಯಲ್ಲಿ ನಿಂತ ನೀರು ಇನ್ನೂ ಕದಡಿದ್ದರೆ, ತುಳಿದ ಪೈರು ಹಸಿರಾಗಿ ಮೆಲ್ಲಗೆ ತಲೆ ಎತ್ತುತ್ತಿದ್ದರೆ ಆನೆ ಹೋಗಿ ಹೆಚ್ಚು ಹೊತ್ತಾಗಿಲ್ಲ. ನೀರು ತಿಳಿಯಾಗಿ, ಅಂಚಿನ ಮಣ್ಣು ಒಣಗಿ ಉದುರುತ್ತಿದ್ದರೆ, ಗುರುತಿನೊಳಗೆ ಇರುವೆ, ಜೇಡ ಓಡಾಡಿದ್ದರೆ ಹಳೆಯದು. ಹೊಸದು ಅನ್ನಿಸಿದರೆ ಅಳೆಯುತ್ತ ಕೂರಬೇಡಿ, ಗುರುತು ಬಂದ ದಿಕ್ಕಿಗೆ ವಾಪಸಾಗಿ ಹತ್ತಿರದ ಅರಣ್ಯ ವಲಯ ಕಚೇರಿಗೆ ತಿಳಿಸಿ. ಪಕ್ಕದಲ್ಲಿ ಸ್ಕೇಲ್ ಅಥವಾ ಗೊತ್ತಿರುವ ಅಳತೆಯ ವಸ್ತು ಇಟ್ಟು ಮೇಲಿನಿಂದ ನೇರವಾಗಿ ತೆಗೆದ ಒಂದು ಫೋಟೋ ಅವರಿಗೆ ಬಹಳ ಉಪಯೋಗಕ್ಕೆ ಬರುತ್ತದೆ.

ವಿಡಿಯೋ ಬಂದಾಗ ಕಾಲು ನೋಡಿ

ಮತ್ತೆ ಆ ವಿಡಿಯೋಗೆ ಬರೋಣ. ‘ಖಾನಾಪುರದಲ್ಲಿ ಇಂದು ಬೆಳಿಗ್ಗೆ’ ಎಂದು ಬರೆದು ಎಲ್ಲಿಯದ್ದೋ ವಿಡಿಯೋ ಕಳಿಸುವುದು ಈಗ ಸಾಮಾನ್ಯ. ದೊಡ್ಡ ಕಿವಿ, ಹೆಣ್ಣಿಗೂ ದಂತ ಕಂಡರೆ ಅದು ಆಫ್ರಿಕಾದ್ದು, ಅಲ್ಲಿಗೇ ಮುಗಿಯಿತು. ಅದು ಕಾಣದಿದ್ದರೆ ಆನೆಯ ಮುಖ ಬಿಟ್ಟು ಕಾಲು ನೋಡಿ. ಒಂದೇ ಕಾಲನ್ನು ಆರಿಸಿಕೊಂಡು ಅದು ಎರಡು ಸಲ ನೆಲ ಮುಟ್ಟುವುದರ ನಡುವೆ ಎಷ್ಟು ಸೆಕೆಂಡ್ ಎಂದು ಎಣಿಸಿ. ಆರಾಮವಾಗಿ ನಡೆಯುವ ಬೆಳೆದ ಆನೆಗೆ ಅದು ಎರಡು ಸೆಕೆಂಡಿನ ಹತ್ತಿರ ಇರಬೇಕು. ಒಂದು ಸೆಕೆಂಡಿಗಿಂತ ಕಡಿಮೆ ಬಂದು, ಕಿವಿ ಬಾಲಗಳೂ ಅವಸರದಲ್ಲಿ ಆಡುತ್ತಿದ್ದರೆ ವಿಡಿಯೋದ ವೇಗ ಹೆಚ್ಚಿಸಿದ್ದಾರೆ. ನಾಲ್ಕೂ ಕಾಲು ಒಂದು ಕ್ಷಣ ಗಾಳಿಯಲ್ಲಿ ಕಂಡರೆ, ಕುದುರೆಯಂತೆ ಎಗರಿದರೆ, ಅದು ಕಂಪ್ಯೂಟರಿನಲ್ಲಿ ಮಾಡಿದ ಆನೆ. ಪಾದ ನೆಲ ಮುಟ್ಟಿದಾಗ ಮೆತ್ತೆ ಪಕ್ಕಕ್ಕೆ ಸ್ವಲ್ಪ ಉಬ್ಬಬೇಕು, ಧೂಳು ಇದ್ದರೆ ಪಾದದ ಸುತ್ತ ಸಣ್ಣಗೆ ಏಳಬೇಕು. ಕೃತಕ ಆನೆಯ ಪಾದ ಗಟ್ಟಿ ಮರದ ಕೊರಡಿನಂತೆ ನೆಲ ಬಡಿಯುತ್ತದೆ, ಇಲ್ಲವೇ ನೆಲದ ಮೇಲೆ ಒಂದಿಷ್ಟು ಜಾರಿದಂತೆ ಕಾಣುತ್ತದೆ. ಹಸಿ ಮಣ್ಣಿನಲ್ಲಿ ನಡೆದೂ ಹಿಂದೆ ಗುರುತು ಬೀಳದಿದ್ದರೆ ಅಲ್ಲಿಗೂ ಉತ್ತರ ಸಿಕ್ಕಿತು.

ಹೆಜ್ಜೆಗೊಂದರಂತೆ ‘ಧಡ್’ ಸದ್ದು ಕೇಳಿಸಿದರೆ ವಾಲ್ಯೂಮ್ ಕಡಿಮೆ ಮಾಡಿ ಇನ್ನೊಮ್ಮೆ ನೋಡಿ. ಸದ್ದು ಎಲ್ಲ ಸಲವೂ ಪಾದ ನೆಲ ಮುಟ್ಟಿದ ಕ್ಷಣಕ್ಕೇ ಬಂದಿರುತ್ತದೆ. ಆದರೆ ಆ ಕ್ಷಣದಲ್ಲಿ ನಿಜವಾದ ಆನೆ ಆ ಕಾಲಿನ ಮೇಲೆ ಇನ್ನೂ ತನ್ನ ಭಾರವನ್ನೇ ಹಾಕಿರುವುದಿಲ್ಲ.